ಹೆಸರು ಹೇಳಲೊಲ್ಲದವರಿಗೆ ಒಂದು ಪ್ರತ್ಯುತ್ತರ

ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಓದುತ್ತಿರುವಾಗ, ಯಾರಿಗೋ ಕರೆ ಮಾಡಿ ಮುಗಿಸಿದಾಗ, ಇಲ್ಲವೇ ಗಂಟೆ ಎಷ್ಟಾಯಿತೆಂದು ನೋಡಲು ಲಾಕ್ ತೆಗೆದಾಗ ಪರದೆ ತುಂಬ ಒಂದು ಜಾಹೀರಾತು ಬಂದು ಕೂರುತ್ತದೆ. ಅದನ್ನು ಕರೆದವರು ಯಾರೂ ಇಲ್ಲ. ಈ ಕಾಟದ ಬಗ್ಗೆ ನನ್ನ ವಾದ ಚಿಕ್ಕದು. ಪರದೆಯ ಮೇಲೆ ಬರುವ ಪ್ರತಿಯೊಂದನ್ನೂ ಫೋನಿನೊಳಗಿನ ಯಾವುದೋ ಒಂದು ಆ್ಯಪ್ ತಂದು ನಿಲ್ಲಿಸಿರುತ್ತದೆ. ಅದು ಯಾವುದೆಂದು ಫೋನಿಗೆ ಗೊತ್ತಿರುತ್ತದೆ. ಸರಿಯಾಗಿ ಕೇಳಿದರೆ ಅದು ಹೆಸರನ್ನೂ ಹೇಳುತ್ತದೆ. ಆದ್ದರಿಂದ ಮೊದಲು ಹೆಸರು ತಿಳಿಯಬೇಕು, ಆಮೇಲೆ ಚಿಕಿತ್ಸೆ.

ಇಷ್ಟು ಸರಳ ಮಾತಿಗೆ ಎದುರಾಗಿ ಆರು ವಾದಗಳು ಓಡಾಡುತ್ತಿವೆ. ಮೊಬೈಲ್ ರಿಪೇರಿ ಅಂಗಡಿಯ ಕೌಂಟರಿನಿಂದ ಹಿಡಿದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನವರೆಗೆ ಅವನ್ನು ಹೇಳುವವರ ಧ್ವನಿಯಲ್ಲಿ ಎಳ್ಳಷ್ಟೂ ಅನುಮಾನವಿರುವುದಿಲ್ಲ. ಆರಕ್ಕೂ ಒಂದು ಸಮಾನ ಗುಣವಿದೆ: ಯಾವುದೂ ನಿಜವಾದ ಆ್ಯಪ್‌ನ ಹೆಸರು ಹೇಳುವುದಿಲ್ಲ. ಒಂದೊಂದನ್ನೇ ಅವರ ಮಾತಿನಲ್ಲೇ ಮುಂದಿಟ್ಟು ಪರಿಶೀಲಿಸುತ್ತೇನೆ. ತೀರ್ಪು ಓದುಗರದು.

ಮೊದಲನೆಯ ವಾದ: “ಯಾವ ಆ್ಯಪ್ ತೆರೆದಾಗ ಜಾಹೀರಾತು ಬಂತೋ ಅದರದೇ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ವಾಟ್ಸ್‌ಆ್ಯಪ್‌ನವರು ಹಾಕಿದ್ದು. ಮೂಲೆಯಲ್ಲಿ ಗೂಗಲ್ ಗುರುತಿದ್ದರೆ ಗೂಗಲ್ ಹಾಕಿದ್ದು.”

ಈ ವಾದ ಮಂಡಿಸುವವರಿಗೆ ಒಂದೇ ಪ್ರಶ್ನೆ. ಅದೇ ಜಾಹೀರಾತು ಬೆಳಿಗ್ಗೆ ವಾಟ್ಸ್‌ಆ್ಯಪ್ ಮೇಲೆ, ಮಧ್ಯಾಹ್ನ ಕ್ಯಾಲ್ಕ್ಯುಲೇಟರ್ ಮೇಲೆ, ಸಂಜೆ ಯಾವ ಆ್ಯಪ್ ಕೂಡ ತೆರೆಯದ ಬರೀ ಹೋಮ್ ಪರದೆಯ ಮೇಲೆ ಬಂದರೆ ತಪ್ಪಿತಸ್ಥರು ಯಾರು? ಮೂವರೂ ಸೇರಿ ಒಪ್ಪಂದ ಮಾಡಿಕೊಂಡಿದ್ದಾರೆಯೇ? ಎಲ್ಲ ಕಡೆಯೂ ಬರುತ್ತದೆ ಎಂದರೆ ಆ ಯಾವ ಕಡೆಯದೂ ಅಲ್ಲ ಎಂದೇ ಅರ್ಥ. ಅದನ್ನು ತರುತ್ತಿರುವುದು ಹಿನ್ನೆಲೆಯಲ್ಲಿ ಕುಳಿತ ನಾಲ್ಕನೆಯ ಆ್ಯಪ್.

ಗೂಗಲ್ ಗುರುತಿನ ಮಾತು ಇನ್ನೂ ಸ್ವಾರಸ್ಯಕರ. ಆ್ಯಪ್ ಬರೆಯುವವರು ಜಾಹೀರಾತಿನ ಯಂತ್ರವನ್ನು ತಾವೇ ಕಟ್ಟುವುದು ಅಪರೂಪ. ಗೂಗಲ್‌ನಂಥ ಜಾಹೀರಾತು ಜಾಲ ಕೊಡುವ ಸಿದ್ಧ ತುಣುಕನ್ನು ತಮ್ಮ ಆ್ಯಪ್‌ನೊಳಗೆ ಸೇರಿಸಿಕೊಳ್ಳುತ್ತಾರೆ. ಜಾಹೀರಾತು ಪೂರೈಸುವುದು ಜಾಲ. ಯಾವಾಗ, ಯಾವುದರ ಮೇಲೆ ತೋರಿಸಬೇಕೆಂದು ತೀರ್ಮಾನಿಸುವುದು ಆ್ಯಪ್. ಮೂಲೆಯ ಗುರುತು ಪೂರೈಕೆದಾರನ ಹೆಸರು ಹೇಳುತ್ತದೆಯೇ ಹೊರತು ತಂದು ನಿಲ್ಲಿಸಿದವನ ಹೆಸರನ್ನಲ್ಲ. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಒಂದು ಪ್ರಕರಣದಲ್ಲಿ ಇಡೀ ತೀರ್ಮಾನ ಇದರ ಮೇಲೆಯೇ ನಿಲ್ಲುತ್ತದೆ.

ಎರಡನೆಯ ವಾದ: “ನಾನು ಹಾಕಿಕೊಂಡದ್ದೆಲ್ಲ ಪ್ಲೇ ಸ್ಟೋರ್‌ನಿಂದಲೇ. ಅಲ್ಲಿ ಪರೀಕ್ಷೆ ಮಾಡಿಯೇ ಒಳಗೆ ಬಿಡುತ್ತಾರೆ. ಆದ್ದರಿಂದ ಆ್ಯಪ್‌ಗಳ ಮೇಲೆ ಅನುಮಾನ ಬೇಡ.”

ಈ ನಂಬಿಕೆ ಪ್ಲೇ ಸ್ಟೋರ್ ನಡೆಸುವವರಿಗೇ ಇಲ್ಲ. 2020ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಅಂಗಡಿಯಿಂದ ಸುಮಾರು 600 ಆ್ಯಪ್‌ಗಳನ್ನು ಒಂದೇ ಏಟಿಗೆ ಹೊರಹಾಕಿತು. ಅವುಗಳ ಮೇಲಿದ್ದ ಆರೋಪ ಬಳಕೆದಾರರಿಗೆ ಅಡ್ಡಿಯಾಗುವಂತೆ ಜಾಹೀರಾತು ತೋರಿಸಿದ್ದು. ಆ್ಯಪ್ ಬಳಕೆಯಲ್ಲೇ ಇಲ್ಲದಿರುವಾಗ ಜಾಹೀರಾತು ಎಬ್ಬಿಸುವುದು ಆ ಆರೋಪದ ಮುಖ್ಯ ಭಾಗ. ಅದಕ್ಕೆ ಮುಂಚೆ, 2019ರಲ್ಲಿ, ಲುಕ್‌ಔಟ್ ಎಂಬ ಭದ್ರತಾ ಸಂಸ್ಥೆ ಒಂದೇ ಜಾಹೀರಾತು ತುಣುಕನ್ನು ಹೊತ್ತ 238 ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಲ್ಲೇ ಪತ್ತೆಮಾಡಿತ್ತು. ಅವೆಲ್ಲ ಸೇರಿ 44 ಕೋಟಿ ಸಲ ಇನ್‌ಸ್ಟಾಲ್ ಆಗಿದ್ದವು. ಪರೀಕ್ಷೆ ನಡೆಯುತ್ತದೆ ಎಂಬುದು ನಿಜ. ಪರೀಕ್ಷೆ ಪಾಸಾದವರೆಲ್ಲ ಸಭ್ಯರು ಎಂಬುದು ಅದರಿಂದ ಹೊರಡುವುದಿಲ್ಲ.

ಪಾಸಾಗುವುದು ಹೇಗೆಂದು ಕೇಳುವವರಿಗೆ ಅದೇ ವರ್ಷದ ಇನ್ನೊಂದು ಪ್ರಕರಣ ಉತ್ತರ ಕೊಡುತ್ತದೆ. ಇಸೆಟ್ ಸಂಸ್ಥೆಯ ಸಂಶೋಧಕರು ‘ಆಶಾಸ್’ ಎಂದು ಹೆಸರಿಟ್ಟ ಒಂದು ಗುಂಪಿನಲ್ಲಿ 42 ಆ್ಯಪ್‌ಗಳಿದ್ದವು. ಒಟ್ಟು 80 ಲಕ್ಷ ಡೌನ್‌ಲೋಡ್. ಈ ಆ್ಯಪ್ ತಾನು ಓಡುತ್ತಿರುವ ಜಾಗದ ಇಂಟರ್ನೆಟ್ ವಿಳಾಸ ಗೂಗಲ್‌ನದ್ದೇ ಎಂದು ನೋಡುತ್ತಿತ್ತು. ಹೌದಾದರೆ, ಅಂದರೆ ಪರೀಕ್ಷಕರ ಕೈಯಲ್ಲಿದ್ದರೆ, ಸುಮ್ಮನಿರುತ್ತಿತ್ತು. ಬಳಕೆದಾರರ ಫೋನಿನಲ್ಲೂ ತಕ್ಷಣ ಬಾಯಿ ಬಿಡುತ್ತಿರಲಿಲ್ಲ. ಲಾಕ್ ತೆಗೆದು 24 ನಿಮಿಷ ಕಳೆದ ಮೇಲೆ ಮೊದಲ ಜಾಹೀರಾತು ತೋರಿಸುವಂತೆ ಅದಕ್ಕೆ ಸೂಚನೆ ಬರುತ್ತಿತ್ತು. ಹತ್ತು ನಿಮಿಷದಲ್ಲಿ ಮುಗಿಯುವ ಪರೀಕ್ಷೆಯ ಕಣ್ಣಿಗೆ ಇದು ಬೀಳುವುದೆಲ್ಲಿಂದ? ಲುಕ್‌ಔಟ್ ಹಿಡಿದ ತುಣುಕು ಇನ್ನೂ ತಾಳ್ಮೆಯದು. ಆ್ಯಪ್ ಮೊದಲ ಸಲ ತೆರೆದ ಮೇಲೆ ಕನಿಷ್ಠ ಒಂದು ದಿನ, ಕೆಲವೊಮ್ಮೆ 14 ದಿನ ಅದು ಕಾಯುತ್ತಿತ್ತು.

ಇಲ್ಲಿಂದ ಬಳಕೆದಾರರಿಗೆ ಹೊರಡುವ ಪಾಠ ಒಂದು. “ನಿನ್ನೆ ಹೊಸದಾಗಿ ಏನೂ ಹಾಕಿಲ್ಲ” ಎಂಬುದು ಯಾವ ಆ್ಯಪ್‌ಗೂ ಸಾಕ್ಷಿಯಾಗದು. ಹುಡುಕುವಾಗ ಕಳೆದ ಎರಡು ಮೂರು ವಾರಗಳಲ್ಲಿ ಹಾಕಿದ್ದನ್ನು ನೋಡಬೇಕು. ವರ್ಷದಿಂದ ಸಭ್ಯವಾಗಿದ್ದ ಆ್ಯಪ್ ಕೂಡ ಒಂದು ಅಪ್‌ಡೇಟ್‌ನಲ್ಲಿ ಬದಲಾಗಬಹುದಾದ್ದರಿಂದ ಇತ್ತೀಚೆಗೆ ಅಪ್‌ಡೇಟ್ ಆದದ್ದನ್ನೂ ನೋಡಬೇಕು.

ಮೂರನೆಯ ವಾದ: “ಪತ್ತೆ ಹಚ್ಚಲು ಆಗುವುದಿಲ್ಲ. ಅದು ಐಕಾನ್ ಅಡಗಿಸಿಕೊಂಡಿರುತ್ತದೆ. ಯಾವುದೆಂದು ದೇವರೇ ಹೇಳಬೇಕು.”

ಆರರಲ್ಲಿ ಸ್ವಲ್ಪವಾದರೂ ತೂಕವಿರುವ ವಾದ ಇದೊಂದೇ. ಹಾಗಾಗಿ ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಅಡಗಿಸಿಕೊಳ್ಳುತ್ತದೆ ಎಂಬುದು ಸರಿ. ಆಶಾಸ್ ತನ್ನ ಐಕಾನ್ ಮುಚ್ಚಿಟ್ಟು ಅದರ ಜಾಗದಲ್ಲಿ ಬರೀ ಒಂದು ಶಾರ್ಟ್‌ಕಟ್ ಇಡುತ್ತಿತ್ತು. ಬಳಕೆದಾರ ಅದನ್ನು ಎಳೆದು ತೆಗೆದರೆ ಹೋಗುತ್ತಿದ್ದದ್ದು ಶಾರ್ಟ್‌ಕಟ್ ಮಾತ್ರ. ಆ್ಯಪ್ ಅಲ್ಲೇ ಉಳಿಯುತ್ತಿತ್ತು. ಈಚೆಗೆ ತೆರೆದ ಆ್ಯಪ್‌ಗಳ ಪಟ್ಟಿ ನೋಡಿದರೆ ಅಲ್ಲಿ ಗೂಗಲ್ ಅಥವಾ ಫೇಸ್‌ಬುಕ್‌ನ ಐಕಾನ್ ತೊಟ್ಟು ನಿಂತಿರುತ್ತಿತ್ತು. ಮೊದಲನೆಯ ವಾದದವರು ಗೂಗಲ್ ಮೇಲೆ ಬೆರಳು ತೋರಿಸಿದ್ದು ಯಾರ ಸಂತೋಷಕ್ಕೆಂದು ಈಗ ಗೊತ್ತಾಗಬೇಕು.

ಆದರೆ ‘ಬಳಕೆದಾರರ ಕಣ್ಣಿಗೆ ಅಡಗಿದೆ’ ಎನ್ನುವುದಕ್ಕೂ ‘ಫೋನಿಗೇ ಗೊತ್ತಿಲ್ಲ’ ಎನ್ನುವುದಕ್ಕೂ ಅಜಗಜಾಂತರ. ಆಂಡ್ರಾಯ್ಡ್‌ನಲ್ಲಿ ಪರದೆಯ ಮೇಲೆ ತೆರೆಯುವ ಪ್ರತಿ ಕಿಟಕಿಯೂ ಯಾವುದೋ ಒಂದು ಪ್ಯಾಕೇಜಿನ ಹೆಸರಿನಲ್ಲಿ ದಾಖಲಾಗುತ್ತದೆ. ವಾರಸುದಾರನಿಲ್ಲದ ಕಿಟಕಿ ಅಲ್ಲಿಲ್ಲ. ಆ್ಯಪ್ ತನ್ನ ಐಕಾನ್ ಬದಲಿಸಬಹುದು, ತೋರಿಕೆಯ ಹೆಸರು ಬದಲಿಸಬಹುದು. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಪ್ಯಾಕೇಜಿನ ಹೆಸರನ್ನು ಮಾತ್ರ ಬದಲಿಸಲಾರದು. ಸೆಟ್ಟಿಂಗ್ಸ್‌ನೊಳಗಿನ ಎಲ್ಲ ಆ್ಯಪ್‌ಗಳ ಪಟ್ಟಿಯಿಂದ ತಪ್ಪಿಸಿಕೊಳ್ಳುವುದೂ ಅದಕ್ಕೆ ಸಾಧ್ಯವಿಲ್ಲ.

ಒಂದು ಪ್ರಕರಣ ನೋಡೋಣ. ನನ್ನ ಪರಿಚಯದ ಶಿಕ್ಷಕಿಯೊಬ್ಬರ ಫೋನು. ಮೊದಲು ಮಾಡಿದ ಕೆಲಸ ಜಾಹೀರಾತು ಯಾವಾಗ ಬರುತ್ತದೆ ಎಂದು ಗಮನಿಸಿದ್ದು. ಅದು ಮುಖ್ಯವಾಗಿ ಲಾಕ್ ತೆಗೆದಾಗ ಮತ್ತು ಚಾರ್ಜರ್ ಸಿಕ್ಕಿಸಿದಾಗ ಬರುತ್ತಿತ್ತು. ಕರೆ ಮುಗಿದಾಗ ಮಾತ್ರ ಬರುತ್ತಿದ್ದರೆ ಕರೆ ಮಾಡಿದವರ ಹೆಸರು ತೋರಿಸುವ, ಕರೆ ರೆಕಾರ್ಡ್ ಮಾಡುವ ಆ್ಯಪ್‌ಗಳತ್ತ ನೋಡಬೇಕಾಗಿತ್ತು. ಹೀಗೆ ನಿರ್ದಿಷ್ಟ ಸಂದರ್ಭಕ್ಕೆ ಎಚ್ಚರಗೊಳ್ಳುವುದು ಇಂಥ ಆ್ಯಪ್‌ಗಳ ಅಭ್ಯಾಸ. ಸಂದರ್ಭ ಗೊತ್ತಾದರೆ ಪರೀಕ್ಷಿಸುವವರಿಗೆ ದೊಡ್ಡ ಲಾಭವಿದೆ, ಜಾಹೀರಾತನ್ನು ಬೇಕೆಂದಾಗ ಬರಿಸಬಹುದು.

ಎರಡನೆಯದು, ಜಾಹೀರಾತು ಬಂದಾಗ ಅದನ್ನು ಮುಚ್ಚದಿರುವುದು. ಎಲ್ಲರೂ ಎಡವುವುದು ಇಲ್ಲಿಯೇ. ಸಿಟ್ಟಿನಿಂದ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಸಾಕ್ಷ್ಯವನ್ನು ತಾವೇ ಅಳಿಸಿಬಿಡುತ್ತಾರೆ. ಜಾಹೀರಾತು ಇರುವಾಗಲೇ ಈಚಿನ ಆ್ಯಪ್‌ಗಳ ಪಟ್ಟಿ ತೆರೆದರೆ ಅದರ ಕಾರ್ಡಿನ ತಲೆಯ ಮೇಲೆ ಒಂದು ಐಕಾನ್ ಕಾಣುತ್ತದೆ. ಅದನ್ನು ಒತ್ತಿ ಹಿಡಿದರೆ `App info` ಎಂಬ ಆಯ್ಕೆ ಬರುತ್ತದೆ. ಐಕಾನ್ ವೇಷ ಹಾಕಿದ್ದರೂ ಅದು ತೆರೆಯುವ ಪುಟ ನಿಜವಾದ ಆ್ಯಪ್‌ನದು. ಹಲವು ಫೋನುಗಳಲ್ಲಿ ಪತ್ತೆ ಕಾರ್ಯ ಇಲ್ಲಿಗೇ ಮುಗಿಯುತ್ತದೆ. ಶಿಕ್ಷಕಿಯವರ ಫೋನಿನಲ್ಲಿ ಮುಗಿಯಲಿಲ್ಲ. ಪಟ್ಟಿಯಲ್ಲಿ ಜಾಹೀರಾತಿನ ಕಾರ್ಡೇ ಇರಲಿಲ್ಲ. ತನ್ನ ಕಿಟಕಿ ಪಟ್ಟಿಗೆ ಸೇರದಂತೆ ಮಾಡಿಕೊಳ್ಳಲು ಆ್ಯಪ್‌ಗೆ ಅವಕಾಶವಿದೆ. ಇದು ಅದನ್ನು ಬಳಸಿಕೊಂಡಿತ್ತು.

ಆಗ ನೋಡಿದ್ದು ಸೆಟ್ಟಿಂಗ್ಸ್‌ನಲ್ಲಿರುವ `Digital Wellbeing`. ಪ್ರತಿ ಆ್ಯಪ್ ಇವತ್ತು ಎಷ್ಟು ಹೊತ್ತು ಪರದೆಯ ಮೇಲಿತ್ತು ಎಂದು ಅಲ್ಲಿ ಲೆಕ್ಕವಿರುತ್ತದೆ. ಪರದೆ ತುಂಬ ಬಂದ ಜಾಹೀರಾತೂ ಆಯಾ ಆ್ಯಪ್‌ನ ಲೆಕ್ಕಕ್ಕೆ ಬೀಳುತ್ತದೆ. ಶಿಕ್ಷಕಿಯವರು ವಾರದಿಂದ ಮುಟ್ಟಿಯೇ ಇರದ ಕ್ಯೂಆರ್ ಕೋಡ್ ಸ್ಕ್ಯಾನರ್ ಒಂದು ಆ ದಿನವೂ, ಹಿಂದಿನ ದಿನವೂ ಹಲವು ನಿಮಿಷ ಪರದೆಯ ಮೇಲೆ ಇದ್ದುದಾಗಿ ದಾಖಲೆ ಹೇಳುತ್ತಿತ್ತು. ಮುಟ್ಟದ ಆ್ಯಪ್ ಪರದೆಗೆ ಬಂದದ್ದು ಹೇಗೆ? ಅನುಮಾನಕ್ಕೆ ಇಷ್ಟು ಸಾಕು. ಆದರೆ ಅನುಮಾನದ ಮೇಲೆ ಶಿಕ್ಷೆ ಕೊಡುವುದು ಎದುರಾಳಿಗಳ ಪದ್ಧತಿ.

ಹಾಗಾಗಿ ಫೋನನ್ನೇ ಕೇಳಿದೆವು. ಸೆಟ್ಟಿಂಗ್ಸ್‌ನಲ್ಲಿ `Build number` ಇರುವ ಸಾಲನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ `USB debugging` ಹಚ್ಚಿ, ಗೂಗಲ್ ಉಚಿತವಾಗಿ ಕೊಡುವ `adb` ಎಂಬ ಸಾಧನವಿರುವ, ನಂಬಿಕೆಯ ಕಂಪ್ಯೂಟರಿಗೆ ಕೇಬಲ್‌ನಿಂದ ಫೋನನ್ನು ಜೋಡಿಸಬೇಕು. ಲಾಕ್ ತೆಗೆದು, ಜಾಹೀರಾತು ಬಂದ ಕೂಡಲೇ ಅದನ್ನು ಮುಟ್ಟದೆ ಈ ಒಂದು ಸಾಲು ಕೊಟ್ಟೆವು:

```
adb shell "dumpsys window | grep mCurrentFocus"
```

ಈ ಕ್ಷಣ ಪರದೆಯಲ್ಲಿ ಮುಂದೆ ನಿಂತಿರುವ ಕಿಟಕಿ ಯಾರದು ಎಂಬುದು ಪ್ರಶ್ನೆ. ಬಂದ ಉತ್ತರ ಈ ರೀತಿಯದು; ಆ್ಯಪ್‌ನ ಹೆಸರನ್ನು ಮಾತ್ರ ಬದಲಿಸಿದ್ದೇನೆ:

```
mCurrentFocus=Window{3f1c2a7 u0
 com.example.qrscan/com.google.android.gms.ads.AdActivity}
```

ಅವಸರದವರು ಬಲಗಡೆ ಗೂಗಲ್ ಎಂಬ ಪದ ನೋಡಿ “ನಾವು ಹೇಳಲಿಲ್ಲವೇ?” ಎಂದು ಕುಣಿಯುತ್ತಾರೆ. ಓರೆಗೆರೆಯ ಎರಡು ಕಡೆಗಳನ್ನು ಬೇರೆ ಬೇರೆಯಾಗಿ ಓದಬೇಕು. ಬಲಗಡೆ ಇರುವುದು ಕಿಟಕಿ ಯಾವ ಬಗೆಯದು ಎಂಬ ವಿವರ. ಜಾಹೀರಾತು ಜಾಲ ಕೊಟ್ಟ ಸಿದ್ಧ ತುಣುಕಿನ ಹೆಸರು ಅದು. ಎಡಗಡೆ ಇರುವುದು ಕಿಟಕಿಯ ವಾರಸುದಾರ. ಇಲ್ಲಿ ವಾರಸುದಾರ ಕ್ಯೂಆರ್ ಸ್ಕ್ಯಾನರ್. ಮೊದಲನೆಯ ವಾದ ಪೂರ್ತಿಯಾಗಿ ಬೀಳುವುದು ಈ ಒಂದು ಓರೆಗೆರೆಯ ಮೇಲೆ.

ಕೊನೆಯ ಹೆಜ್ಜೆ ದೃಢೀಕರಣ. ಆ್ಯಪ್ ಮಾಹಿತಿಯ ಪುಟಕ್ಕೆ ಹೋಗಿ ಸ್ಕ್ಯಾನರನ್ನು `Force stop` ಮಾಡಿದೆವು. ಚಾರ್ಜರ್ ಸಿಕ್ಕಿಸಿದರೂ ಲಾಕ್ ತೆಗೆದರೂ ಜಾಹೀರಾತಿಲ್ಲ. ಸ್ಕ್ಯಾನರನ್ನು ಬೇಕೆಂದೇ ಮತ್ತೆ ತೆರೆದು ಮುಚ್ಚಿದೆವು. ಸ್ವಲ್ಪ ಹೊತ್ತಿಗೆ ಜಾಹೀರಾತು ಮರಳಿತು. ನಿಲ್ಲಿಸಿದರೆ ನಿಲ್ಲುತ್ತದೆ, ಎಬ್ಬಿಸಿದರೆ ಏಳುತ್ತದೆ. ಎರಡೂ ದಿಕ್ಕಿನಿಂದ ಪರೀಕ್ಷೆ ಗೆದ್ದ ಮೇಲೆ ಅನ್‌ಇನ್‌ಸ್ಟಾಲ್ ಮಾಡಿ, ಡೀಬಗ್ಗಿಂಗ್ ಆಫ್ ಮಾಡಿದೆವು. ಮುಂದೆ ಅದೇ ಸಂದರ್ಭಗಳಲ್ಲಿ ಜಾಹೀರಾತು ಬರಲಿಲ್ಲ. ಕೆಲವು ಆ್ಯಪ್‌ಗಳಲ್ಲಿ ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿ ಕೆಲಸ ಮಾಡದೆ ಇರುವುದುಂಟು. ಅದು ‘ಡಿವೈಸ್ ಅಡ್ಮಿನ್’ ಅಧಿಕಾರ ಪಡೆದಿದೆ ಎಂಬುದರ ಲಕ್ಷಣ. ಸೆಟ್ಟಿಂಗ್ಸ್‌ನ ಹುಡುಕುಪಟ್ಟಿಯಲ್ಲಿ `Device admin` ಎಂದು ಹುಡುಕಿ ಆ ಅಧಿಕಾರ ಕಸಿದುಕೊಂಡರೆ ಬಟನ್ ಜೀವ ಪಡೆಯುತ್ತದೆ.

ಕಂಪ್ಯೂಟರ್ ಇಲ್ಲದವರು ಏನು ಮಾಡಬೇಕು ಎಂದು ಕೇಳಬಹುದು. ಅವರಿಗೆ `Safe mode` ಇದೆ. ಹೆಚ್ಚಿನ ಫೋನುಗಳಲ್ಲಿ ಪವರ್ ಬಟನ್ ಒತ್ತಿ ಹಿಡಿದಾಗ ಬರುವ ‘ಪವರ್ ಆಫ್’ ಚಿತ್ರವನ್ನು ಒತ್ತಿ ಹಿಡಿದರೆ ಈ ಆಯ್ಕೆ ಬರುತ್ತದೆ. ಅದರಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಫೋನಿನ ಜೊತೆ ಬಂದವು ಮಾತ್ರ ಓಡುತ್ತವೆ. ಅಲ್ಲಿ ಜಾಹೀರಾತು ನಿಂತರೆ ನಾವು ಹಾಕಿಕೊಂಡವುಗಳಲ್ಲೇ ಒಂದು ತಪ್ಪಿತಸ್ಥ. ಮತ್ತೆ ಮಾಮೂಲಿ ಸ್ಥಿತಿಗೆ ಬಂದು, ಹೊಸದರಿಂದ ಹಳೆಯದರತ್ತ ಒಂದೊಂದೇ ತೆಗೆಯುತ್ತ, ಪ್ರತಿ ಸಲ ಅದೇ ಸಂದರ್ಭವನ್ನು ಮರುಕಳಿಸಿ ನೋಡುತ್ತ ಹೋಗಬೇಕು. ನಿಧಾನದ ದಾರಿ, ಒಪ್ಪುತ್ತೇನೆ. ಆದರೆ ‘ಆಗುವುದಿಲ್ಲ’ ಎಂಬುದಕ್ಕೂ ‘ಒಂದು ಸಂಜೆ ಬೇಕಾಗುತ್ತದೆ’ ಎಂಬುದಕ್ಕೂ ವ್ಯತ್ಯಾಸವಿದೆ.

ನಾಲ್ಕನೆಯ ವಾದ: “ಎಲ್ಲ ಪಾಪ್‌ಅಪ್ ಆ್ಯಪ್‌ನದೇ ಎಂದು ಹೇಗೆ ಹೇಳುತ್ತೀರಿ? ಕೆಲವು ಬ್ರೌಸರಿನಿಂದ ಬರುತ್ತವೆ, ಕೆಲವು ಸಿಮ್‌ನಿಂದ. ನಿಮ್ಮ ಸಿದ್ಧಾಂತ ಅಲ್ಲಿಗೆ ಮುಗಿಯಿತು.”

ಮುಗಿಯಲಿಲ್ಲ, ಗಟ್ಟಿಯಾಯಿತು. ಬ್ರೌಸರ್ ಕೂಡ ಒಂದು ಆ್ಯಪ್. “ನಿಮ್ಮ ಫೋನಿಗೆ ವೈರಸ್ ಬಂದಿದೆ” ಎಂದು ನೋಟಿಫಿಕೇಷನ್ ಪಟ್ಟಿಯಲ್ಲಿ ಬಂದು, ಪಕ್ಕದಲ್ಲಿ ಕ್ರೋಮ್ ಗುರುತೂ ಯಾವುದೋ ಜಾಲತಾಣದ ವಿಳಾಸವೂ ಇದ್ದರೆ ಅಲ್ಲಿ ನಡೆದದ್ದು ಇಷ್ಟು: ಹಿಂದೊಮ್ಮೆ ಆ ತಾಣ ಕೇಳಿದ ಅನುಮತಿಗೆ ಬಳಕೆದಾರರು ಹೂಂ ಎಂದಿದ್ದಾರೆ. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ `Site settings` ಒಳಗಿನ `Notifications` ಪಟ್ಟಿಯಿಂದ ಆ ತಾಣವನ್ನು ತೆಗೆದರೆ ಮುಗಿಯಿತು. ಬರೀ ಎರಡು ಸಾಲಿನ ಅಕ್ಷರ, ಕೆಳಗೆ ಓಕೆ ಮತ್ತು ಕ್ಯಾನ್ಸಲ್, ಯಾವ ಚಿತ್ರವೂ ಇಲ್ಲದ ಪೆಟ್ಟಿಗೆ ಮೂಡಿದರೆ ಅದು ಮೊಬೈಲ್ ಸೇವಾ ಕಂಪನಿ ಸಿಮ್ ಮೂಲಕ ಕಳಿಸಿದ್ದು. ತೋರಿಸುತ್ತಿರುವುದು ಫೋನಿನಲ್ಲೇ ಇರುವ `SIM Toolkit` ಎಂಬ ಆ್ಯಪ್. ಅದನ್ನು ತೆರೆದರೆ ಆ ಸೇವೆಯನ್ನು ನಿಲ್ಲಿಸುವ ಆಯ್ಕೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಓಕೆ ಒತ್ತಿದರೆ ಹಣ ಕಡಿತವಾಗುವ ಸೇವೆ ಶುರುವಾದೀತು, ಅದಕ್ಕೆ ಒತ್ತಬೇಡಿ.

ಇನ್ನು ಲಾಕ್ ಪರದೆಯ ಮೇಲೆ ದಿನಕ್ಕೊಂದು ಚಿತ್ರ, ಸುದ್ದಿ, ನಡುವೆ ಜಾಹೀರಾತು ಬಂದರೆ ಅದು ಬಹುಮಟ್ಟಿಗೆ ಫೋನ್ ತಯಾರಕರೇ ಕೂರಿಸಿಕೊಟ್ಟದ್ದು. `Safe mode`ನಲ್ಲೂ ಜಾಹೀರಾತು ನಿಲ್ಲದಿದ್ದರೆ ಅನುಮಾನ ಇತ್ತಲೇ ಹೊರಳಬೇಕು. ಇಂಥದ್ದನ್ನು ಪೂರ್ತಿ ತೆಗೆಯಲಾಗದಿದ್ದರೂ ಹೆಚ್ಚಿನ ಫೋನುಗಳಲ್ಲಿ ಆರಿಸಿ ಇಡಬಹುದು. ಬ್ರೌಸರ್, ಸಿಮ್, ತಯಾರಕ ಎಂದು ಮೂರು ಅಪವಾದ ತಂದಿರಿ. ಮೂರಕ್ಕೂ ವಾರಸುದಾರನ ಹೆಸರಿದೆ. ಹೆಸರು ಬೇರೆಯಾದ್ದರಿಂದ ಪರಿಹಾರವೂ ಬೇರೆಯಾಯಿತು. ಹೆಸರು ಮೊದಲು ತಿಳಿಯಬೇಕು ಎಂದು ನಾನು ಹೇಳಿದ್ದು ಇದಕ್ಕೇ ಅಲ್ಲವೇ?

ಐದನೆಯ ವಾದ: “ಇಷ್ಟೆಲ್ಲ ತಲೆನೋವು ಯಾಕೆ? ಒಂದು ಕ್ಲೀನರ್ ಇಲ್ಲವೇ ಆ್ಯಂಟಿವೈರಸ್ ಹಾಕಿ. ಅದರಿಂದಲೂ ಹೋಗದಿದ್ದರೆ ಫ್ಯಾಕ್ಟರಿ ರಿಸೆಟ್ ಮಾಡಿ.”

ಇವು ಎರಡು ಸಲಹೆಗಳು. ಎರಡನ್ನೂ ಬಿಡಿಸಿ ನೋಡಬೇಕು. ಬೇರೆ ಆ್ಯಪ್‌ಗಳ ಮೇಲೆ ಕಿಟಕಿ ತೆರೆಯಲು ಆಂಡ್ರಾಯ್ಡ್‌ನಲ್ಲಿ ಒಂದು ವಿಶೇಷ ಅನುಮತಿ ಬೇಕು. ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು `Display over other apps`. 2019ರಲ್ಲಿ ಬಂದ ಆಂಡ್ರಾಯ್ಡ್ 10, ಹಿನ್ನೆಲೆಯಲ್ಲಿರುವ ಆ್ಯಪ್‌ಗಳು ತಾವಾಗಿ ಪರದೆಗೆ ಜಿಗಿಯುವುದನ್ನು ನಿರ್ಬಂಧಿಸಿತು. ಆ ನಿರ್ಬಂಧದಿಂದ ವಿನಾಯಿತಿ ಪಡೆದವರಲ್ಲಿ ಈ ಅನುಮತಿ ಇರುವ ಆ್ಯಪ್‌ಗಳೂ ಸೇರಿವೆ. ಹಾಗಾಗಿ ಜಾಹೀರಾತು ಎಬ್ಬಿಸಲು ಬಯಸುವ ಆ್ಯಪ್ ಮೊದಲು ಕೈಚಾಚುವುದು ಇದಕ್ಕೇ. ಫೋನನ್ನು ಶುಚಿ ಮಾಡುತ್ತೇವೆ, ಬ್ಯಾಟರಿ ಉಳಿಸುತ್ತೇವೆ ಎಂದು ಬರುವ ಉಚಿತ ಕ್ಲೀನರ್‌ಗಳಲ್ಲಿ ಅನೇಕವು ತೆರೆದ ಕೂಡಲೇ ಕೇಳುವ ಅನುಮತಿ ಯಾವುದು? ಇದೇ. ಕಾಟ ಕೊಡುವವನನ್ನು ಹಿಡಿಯಲು ಅವನದೇ ಅನುಮತಿ ಕೇಳುವ ಇನ್ನೊಬ್ಬನನ್ನು ಒಳಗೆ ಬಿಡುವುದು ಪರಿಹಾರವಲ್ಲ, ಅನುಮಾನಿತರ ಪಟ್ಟಿಗೆ ಒಂದು ಸೇರ್ಪಡೆ.

ಅದರ ಬದಲು ಆ ಅನುಮತಿಯ ಪಟ್ಟಿಯನ್ನೇ ತೆರೆದು ನೋಡಿ. ವಿಶೇಷ ಅನುಮತಿಗಳ ವಿಭಾಗದಲ್ಲಿ ಅದು ಇರುತ್ತದೆ. ಕರೆ ಬಂದಾಗ ಹೆಸರು ತೋರಿಸುವ ಆ್ಯಪ್‌ಗೆ, ತೇಲುವ ಚಾಟ್ ಗುಳ್ಳೆಗೆ, ನಕ್ಷೆಯ ಪುಟ್ಟ ಕಿಟಕಿಗೆ ಈ ಅನುಮತಿ ಬೇಕಾಗಬಹುದು. ಟಾರ್ಚಿಗೆ ಯಾಕೆ? ವಾಲ್‌ಪೇಪರಿಗೆ ಯಾಕೆ? ಕ್ಯೂಆರ್ ಸ್ಕ್ಯಾನರಿಗೆ ಯಾಕೆ? ಕಾರಣ ಕಾಣದ ಕಡೆ ಅನುಮತಿ ತೆಗೆದರೆ ಅನೇಕ ಸಲ ಕಾಟ ಅಲ್ಲಿಗೇ ನಿಲ್ಲುತ್ತದೆ. ಅನೇಕ ಸಲ ಎಂದೆ, ಪ್ರತಿ ಸಲ ಎನ್ನಲಿಲ್ಲ. `Accessibility` ಸೇವೆಯ ಅಧಿಕಾರ ಪಡೆದ ಆ್ಯಪ್‌ಗೆ, ಹೋಮ್ ಪರದೆಯನ್ನೇ ನಡೆಸುವ ಲಾಂಚರ್ ಆ್ಯಪ್‌ಗೆ ಬೇರೆ ದಾರಿಗಳಿವೆ. ಅವನ್ನೂ ನೋಡಬೇಕು.

ಇನ್ನು ರಿಸೆಟ್. ರಿಸೆಟ್ ಮಾಡಿದರೆ ನಾವು ಹಾಕಿಕೊಂಡ ಆ್ಯಪ್‌ಗಳೆಲ್ಲ ಅಳಿಸಿಹೋಗುತ್ತವೆ, ಜೊತೆಗೆ ಜಾಹೀರಾತೂ. ಇಷ್ಟನ್ನು ಒಪ್ಪಲೇಬೇಕು. ಆಮೇಲೆ? ಅದೇ ಗೂಗಲ್ ಖಾತೆಯಿಂದ ಒಳಗೆ ಬಂದಾಗ ಹಳೆಯ ಆ್ಯಪ್‌ಗಳನ್ನು ಮರಳಿ ತರಲೇ ಎಂದು ಫೋನ್ ಕೇಳುತ್ತದೆ. ಬ್ಯಾಂಕಿನ ಆ್ಯಪ್, ಬಸ್ಸಿನ ಆ್ಯಪ್ ಎಲ್ಲ ಬೇಕಲ್ಲ ಎಂದು ಬಳಕೆದಾರರು ಹೂಂ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಕ್ಯೂಆರ್ ಸ್ಕ್ಯಾನರೂ ಇದ್ದರೆ ಅದೂ ಮರಳುತ್ತದೆ. ಅದು ಬಂದು ಒಂದೆರಡು ವಾರಕ್ಕೆ ಜಾಹೀರಾತು ಮತ್ತೆ ಶುರು. ಆಗ ಇದೇ ಸಲಹೆಗಾರರು “ವೈರಸ್ ಬಹಳ ಗಟ್ಟಿಯದು, ರಿಸೆಟ್‌ಗೂ ಬಗ್ಗಲಿಲ್ಲ” ಎನ್ನುತ್ತಾರೆ. ವೈರಸ್ ಗಟ್ಟಿಯಿರಲಿಲ್ಲ, ಅದನ್ನು ಮರಳಿ ಕರೆತಂದದ್ದು ಹೆಸರು ತಿಳಿಯದ ರಿಸೆಟ್. ನಡುವೆ ಕಳೆದುಹೋದ ಬ್ಯಾಕಪ್ ಆಗದ ಫೋಟೋ, ಸಂದೇಶಗಳ ಲೆಕ್ಕವನ್ನು ಈ ಸಲಹೆಗಾರರು ಇಟ್ಟದ್ದಿಲ್ಲ.

ಆರನೆಯ ವಾದ: “ಆ್ಯಪ್ ಬಿಟ್ಟಿ ಕೊಟ್ಟಿದ್ದಾರೆ, ಅನುಮತಿ ನೀವೇ ಒತ್ತಿದ್ದೀರಿ. ಜಾಹೀರಾತು ಸಹಿಸಿಕೊಳ್ಳಿ.”

ಇದು ನೀತಿಯ ವೇಷದಲ್ಲಿ ಬರುವ ನುಣುಚು. ಬಿಟ್ಟಿ ಆ್ಯಪ್ ತನ್ನೊಳಗೆ ಜಾಹೀರಾತು ತೋರಿಸುವುದನ್ನು ಇಲ್ಲಿ ಯಾರೂ ಪ್ರಶ್ನಿಸಿಲ್ಲ. ಸ್ಕ್ಯಾನರ್ ತೆರೆದಾಗ ಸ್ಕ್ಯಾನರಿನಲ್ಲಿ ಜಾಹೀರಾತು ಬಂದರೆ ಅದು ಅದರ ಬೆಲೆ. ಪ್ರಶ್ನೆ ಇರುವುದು ಸ್ಕ್ಯಾನರ್ ಮುಚ್ಚಿ ವಾರ ಕಳೆದ ಮೇಲೆ ಬ್ಯಾಂಕಿನ ಆ್ಯಪ್ ಮೇಲೆ ಅದು ಬಂದು ಕೂರುವುದರ ಬಗ್ಗೆ. ಈ ಎರಡನ್ನೂ ಒಂದೇ ಎನ್ನುವವರು ಗೂಗಲ್‌ನ ಸ್ವಂತ ನಿಯಮವನ್ನಾದರೂ ಓದಲಿ. ಜಾಹೀರಾತು ಆ್ಯಪ್‌ನೊಳಗೇ ಇರಬೇಕು, ಬೇರೆ ಆ್ಯಪ್‌ಗಳಿಗೂ ಫೋನಿನ ಕೆಲಸಕ್ಕೂ ಅಡ್ಡಬರಬಾರದು ಎಂಬುದು ಪ್ಲೇ ಸ್ಟೋರ್‌ನ ಷರತ್ತು. ಆ ಸುಮಾರು 600 ಆ್ಯಪ್‌ಗಳು ಹೊರಬಿದ್ದದ್ದು ಇಂಥ ನಡತೆಗೇ. ಅಂಗಡಿಯವನೇ ತಪ್ಪೆನ್ನುವ ನಡತೆಯನ್ನು ಗ್ರಾಹಕ ಸಹಿಸಬೇಕೆಂದು ವಾದಿಸುವ ಔದಾರ್ಯ ಅಪರೂಪದ್ದು.

ಅನುಮತಿಯ ಮಾತೂ ಹೇಳಿದಷ್ಟು ನೇರವಿಲ್ಲ. ಆಂಡ್ರಾಯ್ಡ್ 6.0.1 ಮತ್ತು ಅದರ ನಂತರದ ಕೆಲವು ಆವೃತ್ತಿಗಳಲ್ಲಿ, ಪ್ಲೇ ಸ್ಟೋರ್‌ನಿಂದ ಬಂದ ಆ್ಯಪ್ ಈ ಅನುಮತಿ ಬಯಸಿದರೆ ಬಳಕೆದಾರರನ್ನು ಕೇಳದೆಯೇ ಅದು ಸಿಕ್ಕಿಬಿಡುತ್ತಿತ್ತು. “ನೀವೇ ಒತ್ತಿದ್ದೀರಿ” ಎಂಬ ಆರೋಪ ಅಂಥ ಫೋನುಗಳ ಮಟ್ಟಿಗೆ ಹಸಿ ಸುಳ್ಳು. ನಿಜವಾಗಿ ಒತ್ತಿದವರ ವಿಷಯಕ್ಕೆ ಬಂದರೂ, ಕ್ಯೂಆರ್ ಸ್ಕ್ಯಾನರ್ ಬೇಕೆಂದು ಒತ್ತಿದವರು ಜಾಹೀರಾತಿಗೆ ಒಪ್ಪಿಗೆ ಕೊಟ್ಟರೆಂದು ಓದುವುದಕ್ಕೆ ವಿಶೇಷ ಧೈರ್ಯ ಬೇಕು. ಒಪ್ಪಿಗೆ ಅಷ್ಟು ಸ್ಪಷ್ಟವಾಗಿದ್ದರೆ ಆಶಾಸ್‌ಗೆ ಗೂಗಲ್‌ನ ಐಕಾನ್ ತೊಟ್ಟು ನಿಲ್ಲುವ ಅಗತ್ಯವೇನಿತ್ತು? ನ್ಯಾಯವಾಗಿ ಪಡೆದದ್ದನ್ನು ಯಾರೂ ಅಡಗಿಸಿ ಇಡುವುದಿಲ್ಲ.

ಆರೂ ವಾದಗಳನ್ನು ಈಗ ಒಟ್ಟಿಗಿಟ್ಟು ನೋಡಿ. ಮೊದಲನೆಯದು ತಪ್ಪು ಹೆಸರು ಹೇಳುತ್ತದೆ. ಎರಡನೆಯದು ಹೆಸರು ಹುಡುಕುವುದೇ ಬೇಡ ಎನ್ನುತ್ತದೆ. ಮೂರನೆಯದು ಹೆಸರು ಸಿಗುವುದಿಲ್ಲ ಎನ್ನುತ್ತದೆ. ನಾಲ್ಕನೆಯದು ತಾನೇ ಮೂರು ಹೆಸರು ಕೊಟ್ಟು ಹೆಸರಿನಿಂದ ಉಪಯೋಗವಿಲ್ಲ ಎನ್ನುತ್ತದೆ. ಐದನೆಯದು ಹೆಸರಿಲ್ಲದೆಯೇ ಶಿಕ್ಷೆ ಕೊಡುತ್ತದೆ, ಅದೂ ಎಲ್ಲರಿಗೂ. ಆರನೆಯದು ಹೆಸರು ಗೊತ್ತಾದರೂ ಸುಮ್ಮನಿರಿ ಎನ್ನುತ್ತದೆ. ಸಿಗುವುದೇ ಇಲ್ಲ ಎಂದವರು ಮತ್ತು ಸಿಕ್ಕರೂ ಬಿಡಿ ಎಂದವರು ಅನೇಕ ಸಲ ಒಬ್ಬರೇ ಆಗಿರುತ್ತಾರೆ ಎಂಬುದನ್ನು ಓದುಗರು ಗಮನಿಸಬೇಕು.

ಆದ್ದರಿಂದ ಮುಂದಿನ ಸಲ ಜಾಹೀರಾತು ಬಂದಾಗ ಮುಚ್ಚುವ ಮುಂಚೆ ಈಚಿನ ಆ್ಯಪ್‌ಗಳ ಪಟ್ಟಿ ತೆರೆಯಿರಿ. ಅಲ್ಲಿ ಸಿಗದಿದ್ದರೆ ಪರದೆಯ ಸಮಯದ ಲೆಕ್ಕ, ಅನುಮತಿಯ ಪಟ್ಟಿ, `Safe mode`, ಕೊನೆಗೆ ಕಂಪ್ಯೂಟರಿನ ಆ ಒಂದು ಸಾಲು. ಹೆಸರು ದೃಢಪಟ್ಟ ಮೇಲೆ ಆ್ಯಪ್ ತೆಗೆಯಿರಿ. ಪ್ಲೇ ಸ್ಟೋರ್‌ನಲ್ಲಿ ಅದರ ಪುಟಕ್ಕೆ ಹೋಗಿ ಮೂರು ಚುಕ್ಕಿಯ ಮೆನುವಿನಲ್ಲಿರುವ `Flag as inappropriate` ಮೂಲಕ ದೂರು ಕೊಡಿ. ರಿಸೆಟ್ ಮಾಡಿಕೊಡುತ್ತೇನೆ ಎಂದು ಫೋನಿಗೆ ಕೈಚಾಚುವವರನ್ನು ಒಂದೇ ಪ್ರಶ್ನೆ ಕೇಳಿ: ಆ್ಯಪ್ ಯಾವುದು? ಉತ್ತರವಿಲ್ಲದವರ ಕೈಗೆ ಫೋನ್ ಕೊಡಬೇಡಿ.